ಐದು ತೊಲ ಅಂದ್ರೆ ಎಷ್ಟು ಗ್ರಾಂ? ಪಾಲು ಕೇಳುವ ಮೊದಲು ತಿಳಿದಿರಲಿ

ದಾವಣಗೆರೆಯಲ್ಲಾಗಲಿ ಪಕ್ಕದ ಹರಿಹರದಲ್ಲಾಗಲಿ, ಮದುವೆ ಮಾತುಕತೆಗೆ ಕೂತರೆ ಚಿನ್ನದ ಲೆಕ್ಕ ಇನ್ನೂ ತೊಲದಲ್ಲೇ ನಡೆಯುತ್ತೆ. ಅಂಗಡಿಯ ಬಿಲ್ ಮಾತ್ರ ಗ್ರಾಂನಲ್ಲಿ. ಈ ಎರಡರ ನಡುವೆ ಒಂದಿಷ್ಟು ಚಿನ್ನ ಸದ್ದಿಲ್ಲದೆ ಕಳೆದುಹೋಗಬಹುದು. ಹಾಗೆ ಕಳೆದುಕೊಳ್ಳುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು.

ಕಾರಣ ಇಷ್ಟೇ: ತೊಲ ಒಂದಲ್ಲ, ಎರಡು. ಬ್ರಿಟಿಷರು 1833ರಲ್ಲಿ ತೊಲವನ್ನು 180 ಗ್ರೇನ್ ಎಂದು ನಿಗದಿ ಮಾಡಿದರು. ಅಂದರೆ 11.664 ಗ್ರಾಂ. ಆ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂದಮೇಲೆ, ಲೆಕ್ಕ ಸಲೀಸಾಗಲಿ ಅಂತ ವ್ಯಾಪಾರದಲ್ಲಿ 10 ಗ್ರಾಂಗೇ ತೊಲ ಅನ್ನೋ ರೂಢಿ ಬೆಳೆಯಿತು. ಹೆಸರು ಅದೇ ಉಳಿಯಿತು, ತೂಕ ಇಳಿಯಿತು.

ಒಂದು ಉದಾಹರಣೆ ನೋಡಿ. 1950ರ ಮದುವೆ ಪಟ್ಟಿಯಲ್ಲಿ ಅಜ್ಜಿಯ ಸರ ‘5 ತೊಲ’ ಅಂತ ಬರೆದಿದೆ ಅನ್ನಿ. ಹಳೇ ತೊಲದ ಪ್ರಕಾರ ಅದು 58.32 ಗ್ರಾಂ. ಅಣ್ಣ ಸರವನ್ನು ತಾನಿಟ್ಟುಕೊಂಡು, ‘ತೊಲಕ್ಕೆ ಹತ್ತು ಗ್ರಾಂ’ ಅಂತ ಲೆಕ್ಕ ಹಾಕಿ ತಂಗಿಗೆ ಅರ್ಧ ಪಾಲು 25 ಗ್ರಾಂನ ಹಣ ಕೊಡ್ತಾನೆ. ಆಕೆಗೆ ಸಿಗಬೇಕಿದ್ದದ್ದು 29.16 ಗ್ರಾಂ. 4.16 ಗ್ರಾಂ ಖೋತಾ. ಇವತ್ತಿನ ರೇಟಿಗೆ ಅದನ್ನ ನೀವೇ ಗುಣಿಸಿ.

ಪವನಿನಲ್ಲಿ ಇಷ್ಟು ಗೊಂದಲ ಇಲ್ಲ. ಪವನ್, ಸವರನ್ ಎರಡೂ ಒಂದೇ. ವ್ಯಾಪಾರದಲ್ಲಿ 8 ಗ್ರಾಂ. ಮೂಲ ಬ್ರಿಟಿಷ್ ಸವರನ್ ನಾಣ್ಯದ ತೂಕ 7.988 ಗ್ರಾಂ. ಹತ್ತು ಪವನಿಗೂ ವ್ಯತ್ಯಾಸ 0.12 ಗ್ರಾಂ ಮಾತ್ರ. ಆದರೆ ಆ ನಾಣ್ಯ 22 ಕ್ಯಾರೆಟ್‌ನದು. ಅದರಲ್ಲಿರುವ ಅಪ್ಪಟ ಚಿನ್ನ 7.32 ಗ್ರಾಂ. ತೂಕ ಬೇರೆ, ಶುದ್ಧತೆ ಬೇರೆ. 24 ಕ್ಯಾರೆಟ್ ರೇಟಿಗೆ ಪೂರಾ 8 ಗ್ರಾಂ ಗುಣಿಸಿದರೆ ಲೆಕ್ಕ ತಪ್ಪುತ್ತೆ.

ಹಾಗಾದರೆ ಪಟ್ಟಿಯಲ್ಲಿರೋದು ಯಾವ ತೊಲ? ಮೆಟ್ರಿಕ್ ಬರುವ ಮುಂಚಿನ ಕಾಗದವಾದರೆ 11.664ರಿಂದ ಗುಣಿಸಿ. ಆಮೇಲಿನದಾದರೆ ಎರಡರಲ್ಲಿ ಯಾವುದೂ ಇರಬಹುದು, ಒಡವೆಯನ್ನೇ ತೂಗಿಸಬೇಕು. ‘5 ತೊಲ’ದ ಸರ 58ರ ಆಸುಪಾಸು ತೂಗಿದರೆ ಹಳೇದು, 50ರ ಹತ್ತಿರ ಇದ್ದರೆ ಹೊಸದು. ಸವೆದ ಸರ ತುಸು ಕಡಿಮೆ ತೂಗುತ್ತೆ. ಒಳಗೆ ಅರಗು, ಹರಳು ಇದ್ದರೆ ಹೆಚ್ಚು ತೂಗುತ್ತೆ. 54ರ ಹತ್ತಿರ ಬಂದರೆ ತೂಕವೊಂದರಿಂದಲೇ ತೀರ್ಮಾನ ಸಾಧ್ಯವಿಲ್ಲ. ಒಡವೆ ಕೈಯಲ್ಲೇ ಇದ್ದಾಗ ಪಾಲಿಗೆ ತಕ್ಕಡಿಯ ಗ್ರಾಂ ಸಾಕು, ತೊಲದ ಹಂಗೇ ಬೇಡ. ಅದು ಮಾರಿಹೋಗಿ ಕಾಗದ ಮಾತ್ರ ಉಳಿದಿದ್ದರೆ, ಅದೇ ಪಟ್ಟಿಯ ಬೇರೆ ಯಾವುದಾದರೂ ಒಡವೆ ತೂಗಿಸಿ ನೋಡಿ.

ಯೂನಿಟ್ ಸರಿಯಾಗಿ ಬರೆಯದ ಉತ್ತರಕ್ಕೆ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ನಮಗೆ ಅಂಕ ಕಟ್ ಆಗ್ತಿತ್ತು. ಪಾಲುಪಟ್ಟಿಯಲ್ಲಿ ಕಟ್ ಆಗೋದು ಪಾಲೇ. ಬೆಲೆ, ಬಿಲ್ಲುಗಳೆಲ್ಲ ಪ್ರಮಾಣಿತ ಮಾಪನದಲ್ಲೇ ಇರಬೇಕು ಅನ್ನುತ್ತೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಮನೆಯೊಳಗಿನ ಕಾಗದಕ್ಕೂ ನಾವೇ ಆ ನಿಯಮ ಹಾಕಿಕೊಳ್ಳೋಣ: ತೊಲ ಬಾಯಲ್ಲಿರಲಿ, ಸಹಿ ಮಾತ್ರ ಗ್ರಾಂ ಮತ್ತು ಕ್ಯಾರೆಟ್ ಬರೆದ ಮೇಲೆಯೇ.