ಕೋಟಿನ ಚೀಟಿ ಹೇಳುವ ಅಳತೆ, ಹೇಳದ ಅಳತೆ

ರೆಡಿಮೇಡ್ ಸೂಟಿನ ಚೀಟಿಯಲ್ಲಿ ‘40 ಆರ್’ ಎಂದಿದ್ದರೆ, ಆ 40 ಕೋಟಿನ ಅಳತೆಯಲ್ಲ, ಅದನ್ನು ತೊಡುವವನ ಎದೆಯ ಸುತ್ತಳತೆ. ತೆಳು ಶರ್ಟಿನ ಮೇಲೆ, ಕಂಕುಳ ಕೆಳಗಿಂದ ಟೇಪನ್ನು ಬೆನ್ನಿಗೆ ಅಡ್ಡವಾಗಿ ಸುತ್ತಿದಾಗ ಸಿಗುವ ಇಂಚು ಅದು. ಅದೇ ಕೋಟನ್ನು ಅಳೆದು ನೋಡಿದರೆ ಸಾಮಾನ್ಯವಾಗಿ 43, 44 ಇಂಚು ಬರುತ್ತದೆ. ಉಸಿರಾಡಲು, ಕೈ ಆಡಿಸಲು ಬೇಕಾದ ಸಡಿಲವನ್ನು ಹೊಲಿಯುವಾಗಲೇ ಸೇರಿಸಿರುತ್ತಾರೆ. ‘ಸ್ವಲ್ಪ ಲೂಸ್ ಇರಲಿ’ ಎಂದು 42 ಕೊಂಡರೆ ಭುಜದ ಹೊಲಿಗೆ ತೋಳಿನ ಮೇಲೆ ಜಾರಿ, ಅದರ ಕೆಳಗೆ ಬಟ್ಟೆ ಕುಳಿ ಬೀಳುತ್ತದೆ. ಭುಜ ಬಿಚ್ಚಿ ಹೊಲಿಯುವುದು ದುಬಾರಿ, ಸರಿಹೋಗುವ ಭರವಸೆಯೂ ಕಡಿಮೆ.

ಅಕ್ಷರ ಹೇಳುವುದು ಎತ್ತರವನ್ನು. ಎಸ್ ಎಂದರೆ ಶಾರ್ಟ್, ಆರ್ ರೆಗ್ಯುಲರ್, ಎಲ್ ಲಾಂಗ್. ಸುಮಾರು ಐದು ಅಡಿ ಎಂಟರಿಂದ ಹನ್ನೊಂದು ಇಂಚಿನವರೆಗೆ ರೆಗ್ಯುಲರ್. ಅದಕ್ಕಿಂತ ಗಿಡ್ಡಗಿದ್ದರೆ ಶಾರ್ಟ್, ಆರಡಿ ಮುಟ್ಟಿದರೆ ಲಾಂಗ್. ಒಂದರಿಂದ ಇನ್ನೊಂದಕ್ಕೆ ಕೋಟಿನ ಉದ್ದ, ತೋಳಿನ ಉದ್ದ ಇಂಚಿನಷ್ಟು ಬದಲಾಗುತ್ತದೆ. ಹಾಗಾದರೆ ರೆಗ್ಯುಲರ್ ಕೊಂಡು ಕೆಳಗೆ ಒಂದಿಂಚು ಮಡಿಸಿದರೆ ಸಾಲದೇ? ಸಾಲದು. ಶಾರ್ಟ್ ಕೋಟಿನಲ್ಲಿ ಗುಂಡಿ, ಜೇಬು, ಸೊಂಟದ ಇಳುಕು ಎಲ್ಲವೂ ಮೇಲಕ್ಕೆ ಸರಿದಿರುತ್ತವೆ. ಕೆಳಗೆ ಕತ್ತರಿಸಿದ ಕೋಟಿನಲ್ಲಿ ಅವು ಇದ್ದಲ್ಲೇ ಉಳಿದು, ಜೇಬು ಅಂಚಿಗೆ ಬಂದು ಕೂರುತ್ತದೆ.

ಚೀಟಿಯಲ್ಲಿ ಬರೆಯದ ಮೂರನೆಯ ಅಳತೆಯ ಹೆಸರು ಡ್ರಾಪ್. ಎದೆಗಿಂತ ಪ್ಯಾಂಟಿನ ಸೊಂಟ ಎಷ್ಟು ಕಡಿಮೆ ಎಂಬ ಲೆಕ್ಕ ಅದು. ಅಮೆರಿಕದ ರೂಢಿಯಲ್ಲಿ ಈ ಅಂತರ 6 ಇಂಚು. 40ರ ಕೋಟಿನ ಜೊತೆ 34ರ ಪ್ಯಾಂಟು ಬರುತ್ತದೆ. ಸ್ಲಿಮ್ ಸೂಟುಗಳಲ್ಲಿ ಅಂತರ ಇನ್ನೂ ಹೆಚ್ಚು.

ರಿಸೆಪ್ಷನ್ನಿಗೆ ಸೂಟು ಹುಡುಕುವ ಒಬ್ಬ ಮದುಮಗನನ್ನು ಊಹಿಸಿಕೊಳ್ಳಿ. ಎತ್ತರ ಐದು ಅಡಿ ಆರು ಇಂಚು, ಎದೆ 40, ಸೊಂಟ 36. ಅವನ ಅಂತರ ನಾಲ್ಕೇ ಇಂಚು. 40ರ ಸೂಟಿನ ಪ್ಯಾಂಟು ಹಿಡಿಯುತ್ತದೆಂದು ಅಂಗಡಿಯವರು 42 ಆರ್ ತೊಡಿಸುತ್ತಾರೆ. ಸೊಂಟಕ್ಕೆ ಸರಿಹೋಗುತ್ತದೆ, ಆದರೆ ಭುಜ ಜಾರುತ್ತದೆ, ತೋಳು ಅಂಗೈಗೆ ಇಳಿಯುತ್ತದೆ. ಅವನಿಗೆ ಬೇಕಾದದ್ದು 40 ಎಸ್. ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಗುಣಾಕಾರದ ಚಿಹ್ನೆಯಂತೆ ನೆರಿಗೆ ಎದ್ದರೆ ಕೋಟಿನ ಸೊಂಟವನ್ನು ಟೈಲರ್ ಕೊಂಚ ಬಿಡಿಸಬಲ್ಲರು.

ಉಳಿದದ್ದು ಪ್ಯಾಂಟು: 34 ಅನ್ನು 36 ಮಾಡಬೇಕು. ಕೊಳ್ಳುವ ಮೊದಲು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ, ಹಿಂಭಾಗದ ನಡುಹೊಲಿಗೆಯ ಎರಡೂ ಬದಿಯಲ್ಲಿ ಮಡಿಸಿಟ್ಟ ಬಟ್ಟೆ ನೋಡಬೇಕು. ಎರಡಿಂಚು ಹಿಗ್ಗಲು ಪ್ರತಿ ಬದಿಯಲ್ಲೂ ಒಂದಿಂಚು ಬಿಡಬೇಕು, ಮತ್ತೆ ಹೊಲಿಯಲು ಇನ್ನಷ್ಟು ಬೇಕು. ಹಾಗಾಗಿ ಬದಿಗೆ ಒಂದೂವರೆ ಇಂಚು ಬಟ್ಟೆ ಕಂಡರೆ ಆ ಸೂಟು ಕೊಳ್ಳಬಹುದು. ಇಲ್ಲದಿದ್ದರೆ ಕೋಟು, ಪ್ಯಾಂಟು ಬಿಡಿಬಿಡಿಯಾಗಿ ಮಾರುವ ಅಂಗಡಿಯಲ್ಲಿ ಅದೇ ಬಟ್ಟೆಯ 40 ಎಸ್ ಕೋಟಿಗೆ 36ರ ಪ್ಯಾಂಟು ಹುಡುಕುವುದೇ ಲೇಸು.