ಇಂಗ್ಲಿಷ್ ಕಾಗುಣಿತದಲ್ಲಿ ದ್ವಿತ್ವ ಮತ್ತು ಮೌನಾಕ್ಷರಗಳು

ಇಂಗ್ಲಿಷ್ ಕಾಗುಣಿತದಲ್ಲಿ ದ್ವಿತ್ವ ಎಂದರೆ ಒಂದೇ ವ್ಯಂಜನಾಕ್ಷರವನ್ನು ಒತ್ತಟ್ಟಿಗೆ ಎರಡು ಸಲ ಬರೆಯುವುದು. ಮೌನಾಕ್ಷರ ಎಂದರೆ ಬರೆಯಲ್ಪಟ್ಟರೂ ಉಚ್ಚರಿಸಲ್ಪಡದ ಅಕ್ಷರ. ಕನ್ನಡದಲ್ಲಿ ಬರೆದ ಒತ್ತಕ್ಷರವನ್ನು ಉಚ್ಚರಿಸುವುದೇ ನಿಯಮವಾದ್ದರಿಂದ, ಇಂಗ್ಲಿಷನ್ನು ಮೊದಲು ಕೇಳಿ ಕಲಿತು ಅನಂತರ ಬರೆಯತೊಡಗುವ ಕನ್ನಡಿಗರಿಗೆ ಇವೆರಡೂ ತೊಡಕನ್ನುಂಟುಮಾಡುತ್ತವೆ.

ದ್ವಿತ್ವದ ಕೆಲಸ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಹೆಸರನ್ನು ರೋಮನ್ ಲಿಪಿಯಲ್ಲಿ ಎರಡು ಜೆ ಹಾಕಿ ಬರೆಯುತ್ತಾರೆ. ಆ ಎರಡೂ ಕಿವಿಗೆ ಕೇಳಿಸುತ್ತವೆ. ಕಡೂರು, ತರೀಕೆರೆ ಎಂಬ ಹೆಸರುಗಳಲ್ಲಿ ದ್ವಿತ್ವ ಕೇಳಿಸುವುದಿಲ್ಲ, ಬರೆಯುವುದೂ ಇಲ್ಲ. ಊರಿನ ಹೆಸರಿನಿಂದ ರೂಢಿಯಾದ ಈ ಕ್ರಮ ಇಂಗ್ಲಿಷ್ ಪದಗಳಿಗೆ ಹೊಂದುವುದಿಲ್ಲ. ರಾತ್ರಿಯೂಟದ ಅರ್ಥದ ‘ಡಿನ್ನರ್’ ಪದದಲ್ಲಿ ಎನ್ ಎರಡಿದ್ದರೂ ಇಂಗ್ಲಿಷರ ಉಚ್ಚಾರದಲ್ಲಿ ನಕಾರ ಒಂದೇ. ಎರಡನೆಯ ಎನ್ ತನ್ನ ಹಿಂದಿನ ಸ್ವರ ಹ್ರಸ್ವವೆಂದು ಸೂಚಿಸುತ್ತದೆ. ಒಂದೇ ಎನ್ ಬರೆದರೆ ಪದವು ‘ಡೈನರ್’, ಅಂದರೆ ಊಟ ಮಾಡುವವನು, ಎಂದಾಗುತ್ತದೆ.

ಕಲ್ಲು ಮತ್ತು ಕಾಲು

ಇದೇ ಬಗೆಯ ನಿಯಮವೊಂದು ಕನ್ನಡದಲ್ಲಿಯೂ ಇದೆ. ಹಳಗನ್ನಡದ ‘ಕಲ್’, ‘ಕಣ್’ ಎಂಬ ಪದಗಳು ಹೊಸಗನ್ನಡದಲ್ಲಿ ‘ಕಲ್ಲು’, ‘ಕಣ್ಣು’ ಆದವು; ‘ಕಾಲ್’, ‘ಮೀನ್’ ಎಂಬವು ‘ಕಾಲು’, ‘ಮೀನು’ ಆದವು. ಹ್ರಸ್ವಸ್ವರದ ಮುಂದಿನ ವ್ಯಂಜನ ಇಮ್ಮಡಿಯಾಯಿತು, ದೀರ್ಘಸ್ವರದ ಮುಂದಿನದು ಹಾಗೆಯೇ ಉಳಿಯಿತು. ಎರವಲು ಪದಗಳಾದ ‘ಬಸ್ಸು’, ‘ಪೆನ್ನು’ ಮತ್ತು ‘ಕಾರು’, ‘ಗೇಟು’ಗಳೂ ಈ ದಾರಿಯನ್ನೇ ಹಿಡಿದಿವೆ.

ಇಂಗ್ಲಿಷಿನಲ್ಲಿ ‘ಇಂಗ್’, ‘ಎಡ್’, ‘ಅರ್’ ಮುಂತಾದ ಸ್ವರಾದಿ ಪ್ರತ್ಯಯಗಳು ಸೇರುವಾಗ ಆಗುವುದೂ ಇದೇ. ‘ರನ್’, ‘ಕಟ್’, ‘ಸಿಟ್’ ಪದಗಳಿಗೆ ‘ಇಂಗ್’ ಸೇರಿದಾಗ ಕೊನೆಯ ವ್ಯಂಜನವನ್ನು ಎರಡು ಸಲ ಬರೆಯಬೇಕು; ‘ರೀಡ್’, ‘ರೇನ್’ ಪದಗಳಲ್ಲಿ ಒಂದೇ ಸಾಕು. ವ್ಯತ್ಯಾಸವಿಷ್ಟೇ: ಕನ್ನಡದ ದ್ವಿತ್ವ ಕೇಳಿಸುತ್ತದೆ, ಇಂಗ್ಲಿಷಿನದು ಕಣ್ಣಿಗೆ ಮಾತ್ರ ಕಾಣುತ್ತದೆ.

ಕಿವಿ ದಾರಿ ತಪ್ಪಿಸುವ ಸಂದರ್ಭ

ಇಂಗ್ಲಿಷಿನ ಎಲ್ಲ ಹ್ರಸ್ವಸ್ವರಗಳೂ ಕನ್ನಡದ ಕಿವಿಗೆ ಹ್ರಸ್ವವಾಗಿ ಕೇಳಿಸುವುದಿಲ್ಲ. ‘ಶಾಪ್’, ‘ಸ್ಟಾಪ್’ ಪದಗಳ ಒ ಅಕ್ಷರದ ಧ್ವನಿಯೂ ‘ಬ್ಯಾಗ್’, ‘ಪ್ಲಾನ್’ ಪದಗಳ ಎ ಅಕ್ಷರದ ಧ್ವನಿಯೂ ಇಂಗ್ಲಿಷಿನಲ್ಲಿ ಹ್ರಸ್ವ. ಕನ್ನಡದಲ್ಲಿ ಅವುಗಳನ್ನು ದೀರ್ಘವಾಗಿ ಬರೆಯುತ್ತೇವೆ. ‘ಕಾಫಿ’ಯಲ್ಲಿ ಎರಡು ಎಫ್, ‘ಲಾರಿ’ಯಲ್ಲಿ ಎರಡು ಆರ್ ಇರುವುದು ಕಿವಿಗೆ ಹೊಳೆಯದಿರುವುದು ಇದರಿಂದಲೇ.

‘ಪ್ಲಾನ್’ ಪದಕ್ಕೆ ‘ಇಂಗ್’ ಸೇರಿಸುವುದನ್ನು ನೋಡಬಹುದು. ಕಿವಿಯನ್ನು ನಂಬಿದವರು ಸ್ವರ ದೀರ್ಘವೆಂದು ತಿಳಿದು ಪಿ, ಎಲ್, ಎ, ಎನ್, ಐ, ಎನ್, ಜಿ ಎಂದು ಬರೆಯುತ್ತಾರೆ. ಅದನ್ನು ಇಂಗ್ಲಿಷ್ ಓದುಗ ‘ಪ್ಲೇನಿಂಗ್’, ಅಂದರೆ ಮರಕ್ಕೆ ಉಜ್ಜುಗೊರಡು ಹಾಕುವುದು, ಎಂದು ಓದುತ್ತಾನೆ. ಇಲ್ಲಿ ಧ್ವನಿಯ ಬದಲು ಮೂಲಪದದ ಅಕ್ಷರಗಳನ್ನು ಎಣಿಸಬೇಕು. ಪದದ ಕೊನೆಯಲ್ಲಿ ಒಂದೇ ಸ್ವರಾಕ್ಷರ, ಅದರ ಮುಂದೆ ಒಂದೇ ವ್ಯಂಜನಾಕ್ಷರ ಇದ್ದರೆ ಆ ವ್ಯಂಜನವನ್ನು ಇಮ್ಮಡಿಸಬೇಕು. ‘ಪ್ಲಾನ್’ ಹಾಗಿರುವುದರಿಂದ ಎನ್ ಎರಡಾಗುತ್ತದೆ. ‘ರೇನ್’ ಪದದಲ್ಲಿ ಎ, ಐ ಎಂಬ ಎರಡು ಸ್ವರಾಕ್ಷರಗಳಿರುವುದರಿಂದ ಎನ್ ಒಂದೇ.

ಈ ಎಣಿಕೆಗೂ ಮಿತಿಯಿದೆ. ಡಬ್ಲ್ಯು, ಎಕ್ಸ್, ವೈ ಅಕ್ಷರಗಳು ಇಮ್ಮಡಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಉಚ್ಚಾರಾಂಶಗಳ ಪದದಲ್ಲಿ ಕೊನೆಯ ಅಂಶದ ಮೇಲೆ ಒತ್ತು ಬಿದ್ದರೆ ಮಾತ್ರ ಸಾಮಾನ್ಯವಾಗಿ ದ್ವಿತ್ವ ಬರುತ್ತದೆ. ಆದ್ದರಿಂದ ‘ಬಿಗಿನಿಂಗ್’ ಪದದ ನಡುವೆ ಎರಡು ಎನ್, ‘ಓಪನಿಂಗ್’ ಪದದಲ್ಲಿ ಒಂದೇ. ಭಾರತದಲ್ಲಿ ರೂಢಿಯಲ್ಲಿರುವ ಬ್ರಿಟಿಷ್ ಕಾಗುಣಿತದಲ್ಲಿ ‘ಟ್ರಾವೆಲಿಂಗ್’ ಪದಕ್ಕೆ ಒತ್ತು ಮೊದಲಿಗಿದ್ದರೂ ಎಲ್ ಎರಡು, ಅಮೆರಿಕದಲ್ಲಿ ಒಂದೇ.

ಮೌನಾಕ್ಷರಗಳು

ಕೆಲವು ಮೌನಾಕ್ಷರಗಳು ಗುರುತುಗಳಂತೆ ಕೆಲಸ ಮಾಡುತ್ತವೆ. ‘ಗೇಟ್’, ‘ಬೈಕ್’, ‘ನೋಟ್’ ಪದಗಳ ಕೊನೆಯ ಇ ಉಚ್ಚಾರವಾಗದಿದ್ದರೂ ಹಿಂದಿನ ಸ್ವರ ದೀರ್ಘವೆಂದು ತಿಳಿಸುತ್ತದೆ. ‘ಇಂಗ್’ ಸೇರುವಾಗ ಈ ಇ ಬಿದ್ದುಹೋಗುತ್ತದೆ, ವ್ಯಂಜನ ಇಮ್ಮಡಿಸುವುದಿಲ್ಲ.

ಇನ್ನು ಕೆಲವು ಹಳೆಯ ಉಚ್ಚಾರದ ಉಳಿಕೆಗಳು. ‘ನೈಫ್’ ಪದದ ಮೊದಲ ಕೆ ಹಿಂದೆ ಉಚ್ಚಾರವಾಗುತ್ತಿತ್ತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣವನ್ನು ಆರಂಭಿಸಿದ ಬಳಿಕ ಕಾಗುಣಿತ ಕ್ರಮೇಣ ನೆಲೆನಿಂತಿತು, ಉಚ್ಚಾರ ಬದಲಾಗುತ್ತ ಹೋಯಿತು. ಸಾಲ ಎಂಬರ್ಥದ ‘ಡೆಟ್’ ಪದದ ಬಿ ಬೇರೆ ಬಗೆಯದು. ಫ್ರೆಂಚಿನಿಂದ ಬಂದ ಆ ಪದಕ್ಕೆ ವಿದ್ವಾಂಸರು ಲ್ಯಾಟಿನ್ ಮೂಲವನ್ನು ನೆನೆದು ಬಿ ಸೇರಿಸಿದರು.

ಇಂಥ ಅಕ್ಷರವನ್ನು ಪತ್ತೆಹಚ್ಚಲು ಅದೇ ಮೂಲದ ಇನ್ನೊಂದು ಪದವನ್ನು ನೆನೆಯುವುದು ಉಪಯುಕ್ತ. ‘ಸೈನ್’ ಪದದಲ್ಲಿ ಕೇಳಿಸದ ಜಿ ‘ಸಿಗ್ನಲ್’ ಪದದಲ್ಲಿ ಕೇಳಿಸುತ್ತದೆ. ‘ಡೆಟ್’ ಪದದ ಬಿ ಬ್ಯಾಂಕಿನ ‘ಡೆಬಿಟ್’ನಲ್ಲಿ ಕೇಳಿಸುತ್ತದೆ. ‘ನೈಫ್’, ‘ರೈಟ್’ ಮುಂತಾದ ಪದಗಳಿಗೆ ಇಂಥ ನೆರವು ಸಿಗುವುದಿಲ್ಲ. ಅವುಗಳ ಮೊದಲಕ್ಷರವನ್ನು ನೆನಪಿನಲ್ಲಿಯೇ ಇಟ್ಟುಕೊಳ್ಳಬೇಕು.