ಈಮೇಲ್ ವಾರ್ತಾಪತ್ರದ ಸಾದಾ ಪ್ರತಿ

ನಮ್ಮ ವಾಚನಾಲಯದ ವಾರ್ತಾಪತ್ರವನ್ನು ಪ್ರತಿ ತಿಂಗಳೂ ಈಮೇಲಿನಲ್ಲಿ ಕಳುಹಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು ಹಿರಿಯ ಸದಸ್ಯರೊಬ್ಬರು ಬಂದು, "ಏನಪ್ಪಾ, ನಿನ್ನ ಪತ್ರದಲ್ಲಿ ಮೂರು ಕಡೆ ‘ಇಲ್ಲಿ ಒತ್ತಿ’ ಎಂದಿದೆ. ಎಲ್ಲಿ ಒತ್ತಲಿ?" ಎಂದು ಕೇಳಿದರು. ಅವರ ದೃಷ್ಟಿ ಮಂದ. ಬಣ್ಣ, ಚಿತ್ರಗಳಿಲ್ಲದೆ ಬರಿಯ ದಪ್ಪ ಅಕ್ಷರಗಳಲ್ಲಿ ಪತ್ರ ಓದುವ ಏರ್ಪಾಡು ಮಾಡಿಕೊಂಡಿದ್ದಾರೆ. ತಪ್ಪು ನನ್ನದೇ ಆಗಿತ್ತು.

ಇಂಥ ಪತ್ರ ಒಂದೇ ಲಕೋಟೆಯಲ್ಲಿ ಎರಡು ಪ್ರತಿಗಳಾಗಿ ಹೋಗುತ್ತದೆ. ಸಾದಾ ಪ್ರತಿಗೆ text/plain ಎಂದೂ, ಬಣ್ಣದ ಪ್ರತಿಗೆ text/html ಎಂದೂ, ಎರಡನ್ನೂ ಸೇರಿಸಿದ ಕಟ್ಟಿಗೆ multipart/alternative ಎಂದೂ ಹೆಸರು. ಸಾದಾ ಪ್ರತಿ ಮೊದಲು, ಬಣ್ಣದ್ದು ಕೊನೆಗೆ ಇರಬೇಕು. ಓದುವ ತಂತ್ರಾಂಶವು ತನಗೆ ತೋರಿಸಲು ಬರುವ ಪ್ರತಿಗಳಲ್ಲಿ ಕೊನೆಯದನ್ನು ಆರಿಸುತ್ತದೆ. ಕ್ರಮ ತಿರುಗಿದರೆ ಎಲ್ಲರಿಗೂ ಸಾದಾ ಪ್ರತಿಯೇ ಕಂಡೀತು. ನಾನು ಬಣ್ಣದ ಪ್ರತಿಯಿಂದ ಅಕ್ಷರಗಳನ್ನಷ್ಟೇ ನಕಲು ಮಾಡಿದ್ದೆ. ಕೊಂಡಿಗಳೆಲ್ಲ ಹಿಂದೆಯೇ ಉಳಿದುವು.

ಈ ತಿಂಗಳು ಸಾದಾ ಪ್ರತಿಯನ್ನು ಬೇರೆಯಾಗಿ ಹೀಗೆ ಬರೆದೆನು:

```
ಹೊಸ ಪುಸ್ತಕಗಳು
=====

ಈ ತಿಂಗಳು 14 ಪುಸ್ತಕ ಬಂದಿವೆ. ಪಟ್ಟಿ: [1]


ಭಾನುವಾರದ ಸಭೆ
=====

ಸಂಜೆ 5 ಗಂಟೆಗೆ. ದಾರಿಯ ನಕ್ಷೆ: [2]


ಕೊಂಡಿಗಳು
=====

[1] ಹೊಸ ಪುಸ್ತಕಗಳ ಪಟ್ಟಿ
https://example.org/books

[2] ಸಭೆಗೆ ದಾರಿ
https://example.org/map
```

ಇಂಗ್ಲಿಷಿನವರು ತಲೆಬರಹವನ್ನು ದೊಡ್ಡಕ್ಷರಗಳಲ್ಲಿ ಬರೆದು ಗುರುತಿಸುತ್ತಾರೆ. ಕನ್ನಡದಲ್ಲಿ ಆ ಭೇದವಿಲ್ಲವಾದ್ದರಿಂದ ಕೆಳಗೊಂದು ಗೆರೆ ಬೇಕು. ಐದು ಗುರುತು ಸಾಕು. ಉದ್ದ ಗೆರೆಯಾದರೆ, ಯಂತ್ರದಿಂದ ಪತ್ರ ಓದಿಸಿ ಕೇಳುವವರಿಗೆ ಕಿರಿಕಿರಿ. ತಲೆಬರಹದ ಮುಂಚೆ ಎರಡು ಖಾಲಿ ಸಾಲು, ನಂತರ ಒಂದು ಬಿಟ್ಟರೆ ಯಾವ ಮಾತು ಯಾವುದಕ್ಕೆ ಸೇರಿದ್ದೆಂದು ಕಣ್ಣಿಗೆ ತಿಳಿಯುತ್ತದೆ.

ಕೊಂಡಿ ತನ್ನದೇ ಸಾಲಿನಲ್ಲಿರಲಿ. ಕೊನೆಗೆ ಪೂರ್ಣವಿರಾಮ ಬೇಡ. ಅಂಟಿಕೊಂಡ ಚುಕ್ಕೆಯೂ ವಿಳಾಸದ ಭಾಗವೆಂದು ಎಣಿಸಲ್ಪಟ್ಟರೆ ಪುಟ ತೆರೆಯದು. ವಿಳಾಸದಲ್ಲಿ ಕನ್ನಡ ಅಕ್ಷರಗಳಿದ್ದರೆ ನಕಲು ಮಾಡುವಾಗ ‘ಕ’ ಎಂಬ ಒಂದೇ ಅಕ್ಷರ %E0%B2%95 ಎಂದು ಒಂಬತ್ತು ಗುರುತುಗಳಾಗಿ ಬೆಳೆಯಬಹುದು. ಆದುದರಿಂದ ಪುಟಕ್ಕೆ ಮೊದಲೇ ಗಿಡ್ಡ ಇಂಗ್ಲಿಷ್ ಹೆಸರಿಡುವುದು ಮೇಲು.

ಪ್ಯಾರಾದ ನಡುವೆ ಕೈಯಿಂದ ಸಾಲು ಮುರಿಯಬಾರದು. ಮೊಬೈಲಿನ ಕಿರಿದಾದ ಪರದೆಯಲ್ಲಿ ಅದು ಒಂದು ಉದ್ದ, ಒಂದು ತುಂಡು ಸಾಲಾಗಿ ಒಡೆಯುತ್ತದೆ. ಖಾಲಿ ಜಾಗ ಒತ್ತಿ ಕೋಷ್ಟಕ ಮಾಡುವುದೂ ಸಲ್ಲದು. ಕನ್ನಡ ಅಕ್ಷರಗಳ ಅಗಲ ಒಂದೇ ಸಮನಲ್ಲ, ಕಂಬಸಾಲುಗಳು ಓರೆಯಾಗುತ್ತವೆ. ಚಿತ್ರದಲ್ಲಿರುವ ದಿನಾಂಕ, ಸ್ಥಳಗಳನ್ನು ಮಾತಿನಲ್ಲಿ ಬರೆಯಲೇಬೇಕು.

ಕಳುಹಿಸುವ ಮೊದಲು ಪತ್ರವನ್ನು ನಮಗೇ ಕಳುಹಿಸಿಕೊಂಡು, ಥಂಡರ್‌ಬರ್ಡಿನಲ್ಲಿ View > Message Body As > Plain Text ಆರಿಸಿ ನೋಡಬೇಕು. ಒಂದೊಂದು ಕೊಂಡಿಯನ್ನೂ ಅಲ್ಲಿಂದಲೇ ತೆರೆಯಬೇಕು. ಈ ಸಲ ಹಾಗೆ ಮಾಡಿದಾಗ ಸಭೆಯ ಸ್ಥಳ ಚಿತ್ರದಲ್ಲಿ ಮಾತ್ರ ಉಳಿದಿದ್ದುದು ಕಂಡಿತು. ಅದನ್ನು ಸೇರಿಸಿ ಕಳುಹಿಸಿದೆನು. ಭಾನುವಾರ ಆ ಹಿರಿಯರು ಐದಕ್ಕೆ ಹತ್ತು ನಿಮಿಷ ಮೊದಲೇ ಬಂದು ಕುಳಿತಿದ್ದರು.